ಡಾಲಿ ಕೇಳಿದರೆ ಜೂಮ್ ಯಾಕೆ ಬರುತ್ತದೆ? ಎಐ ವಿಡಿಯೊದಲ್ಲಿ ಕ್ಯಾಮೆರಾ ಪದಗಳು

ಗದಗಿನಿಂದ ಹತ್ತು-ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿಗೆ ಹೋದಾಗ ಬ್ರಹ್ಮ ಜಿನಾಲಯದ ಮುಂದಿನ ಮಂಟಪದಲ್ಲಿ ನಿಂತು ಒಂದು ಫೋಟೊ ತೆಗೆದಿದ್ದೆ. ಎಡಗಡೆ ಹತ್ತಿರದಲ್ಲೇ ಒಂದು ಕಂಬ, ಅದರ ಹಿಂದೆ ಇನ್ನೆರಡು, ದೂರದಲ್ಲಿ ಬಾಗಿಲು. ಆ ಫೋಟೊವನ್ನು ಎಐ ವಿಡಿಯೊ ಟೂಲಿಗೆ ಕೊಟ್ಟು ಐದು ಸೆಕೆಂಡಿನ ತುಣುಕು ಮಾಡಬೇಕಿತ್ತು. ಕ್ಯಾಮೆರಾ ಕಂಬಗಳ ನಡುವೆ ನಿಧಾನಕ್ಕೆ ಒಳಗೆ ಹೋಗಬೇಕು, ಅಷ್ಟೇ.

ನಾನು ಹುಬ್ಬಳ್ಳಿಯಲ್ಲಿ ಮದುವೆ ಶೂಟಿಂಗು, ಅಂಗಡಿಗಳ ಜಾಹೀರಾತು ಮಾಡಿಕೊಂಡಿರುವವನು. ಡಾಲಿ ಅಂದರೆ ನನ್ನ ಕಣ್ಣ ಮುಂದೆ ಬರುವುದು ನೆಲಕ್ಕೆ ಹಾಸಿದ ಹಳಿ, ಅದರ ಮೇಲೆ ಟ್ರಾಲಿ, ಅದನ್ನು ಉಸಿರು ಬಿಗಿಹಿಡಿದು ತಳ್ಳುವ ಹುಡುಗ. ಹಾಗಾಗಿ ನನಗೆ ಗೊತ್ತಿದ್ದ ಪದವನ್ನೇ ಟೈಪ್ ಮಾಡಿದೆ:

```
Slow dolly-in through the temple pillars.
```

ಬಂದ ತುಣುಕು ನೋಡೋಕೆ ಚೆನ್ನಾಗಿಯೇ ಇತ್ತು. ಆದರೆ ಮಂಟಪದ ಒಳಗೆ ಹೋದ ಹಾಗೆ ಅನಿಸಲಿಲ್ಲ. ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನ ಹತ್ತಿರ ಮುಖ ಒಯ್ದ ಹಾಗಿತ್ತು. ಎಲ್ಲವೂ ದೊಡ್ಡದಾಯಿತು, ಯಾವುದೂ ಪಕ್ಕಕ್ಕೆ ಸರಿಯಲಿಲ್ಲ.

ಇದು ಬರೀ ಅನಿಸಿಕೆಯೋ ನಿಜವೋ ಅಂತ ನೋಡೋಕೆ ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲ್ ಸಾಕು. ತುಣುಕಿನ ಮೊದಲ ಫ್ರೇಮಿನಲ್ಲಿ ನಿಲ್ಲಿಸಿ, ಹತ್ತಿರದ ಒಂದು ವಸ್ತುವಿನ ಅಗಲ ಮತ್ತು ದೂರದ ಒಂದು ವಸ್ತುವಿನ ಅಗಲವನ್ನು ಮಾನಿಟರಿನ ಮೇಲೇ ಅಳೆಯಬೇಕು. ಕೊನೆಯ ಫ್ರೇಮಿನಲ್ಲಿ ಮತ್ತೆ ಅವನ್ನೇ ಅಳೆಯಬೇಕು.

ನಿಜವಾದ ಟ್ರಾಲಿ ಆಗಿದ್ದರೆ ಏನಾಗಬೇಕಿತ್ತು ನೋಡಿ. ನಾನು ನಿಂತ ಜಾಗದಿಂದ ಕಂಬ ಸುಮಾರು 3 ಮೀಟರ್, ಬಾಗಿಲು 9 ಮೀಟರ್ ಅಂತ ಇಟ್ಟುಕೊಳ್ಳಿ. ಕ್ಯಾಮೆರಾ 1 ಮೀಟರ್ ಮುಂದೆ ಹೋದರೆ ಕಂಬ 2 ಮೀಟರ್ ದೂರಕ್ಕೆ ಬರುತ್ತದೆ. 3 ಇದ್ದದ್ದು 2 ಆಯಿತು, ಅಂದರೆ ಪರದೆಯ ಮೇಲೆ ಕಂಬ ಒಂದೂವರೆ ಪಟ್ಟು ದಪ್ಪ ಕಾಣಬೇಕು. ಬಾಗಿಲು 9ರಿಂದ 8ಕ್ಕೆ ಬಂತು. ಅದು ಎಂಟರಲ್ಲೊಂದು ಪಾಲು ಮಾತ್ರ ದೊಡ್ಡದಾಗಬೇಕು. ಮೊದಲು ಎರಡೂ 4 ಸೆಂಟಿಮೀಟರ್ ಇದ್ದರೆ, ಕೊನೆಗೆ ಕಂಬ 6, ಬಾಗಿಲು 4.5. ಹತ್ತಿರದ್ದು ಬೇಗ ಬೆಳೆಯುತ್ತದೆ, ದೂರದ್ದು ನಿಧಾನಕ್ಕೆ. ಬೆಳೆಯುತ್ತಾ ಹತ್ತಿರದ ಕಂಬ ಚೌಕಟ್ಟಿನ ಅಂಚಿಗೂ ಸರಿಯುತ್ತದೆ, ಅದರ ಹಿಂದೆ ಅಡಗಿದ್ದ ಕಂಬ ಇಣುಕುತ್ತದೆ. ಬಸ್ಸಿನ ಕಿಟಕಿಯಲ್ಲಿ ಹತ್ತಿರದ ಲೈಟ್ ಕಂಬ ಓಡುತ್ತದೆ, ದೂರದ ಗುಡ್ಡ ನಿಂತೇ ಇರುತ್ತದೆ ಅಲ್ವಾ, ಅದೇ ಲೆಕ್ಕ. ನಾವು ಜಾಗದ ಒಳಗೆ ಹೋಗುತ್ತಿದ್ದೇವೆ ಅಂತ ಕಣ್ಣು ನಂಬುವುದು ಈ ವ್ಯತ್ಯಾಸದಿಂದಲೇ.

ಜೂಮ್ ಹಾಗಲ್ಲ. ಕ್ಯಾಮೆರಾ ಇದ್ದಲ್ಲೇ ಇರುತ್ತದೆ, ಲೆನ್ಸ್ ಮಾತ್ರ ಚಿತ್ರವನ್ನು ಹಿಗ್ಗಿಸುತ್ತದೆ. ಕಂಬವೂ 6, ಬಾಗಿಲೂ 6. ಅಡಗಿದ್ದದ್ದು ಅಡಗಿಯೇ ಇರುತ್ತದೆ.

ನನ್ನ ತುಣುಕಿನಲ್ಲಿ ಕಂಬ 4ರಿಂದ 5.2 ಆಗಿತ್ತು, ಬಾಗಿಲು 4ರಿಂದ 5.1. ಕೇಳಿದ್ದು ಡಾಲಿ, ಬಂದದ್ದು ಜೂಮ್.

ಯಾಕೆ ಹೀಗಾಯಿತು ಅಂದರೆ, ಈ ಟೂಲಿನ ಒಳಗೆ ಕ್ಯಾಮೆರಾ ಇಲ್ಲ. ಹಳಿಯೂ ಇಲ್ಲ, ಟ್ರಾಲಿಯೂ ಇಲ್ಲ. ಇರುವುದು ಮಾಡೆಲ್, ಅಂದರೆ ಉದಾಹರಣೆ ನೋಡಿ ಕಲಿತ ಪ್ರೋಗ್ರಾಮ್. ಅದಕ್ಕೆ ಕಲಿಸುವಾಗ ಲಕ್ಷಗಟ್ಟಲೆ ವಿಡಿಯೊ ತುಣುಕುಗಳನ್ನು, ಪ್ರತಿಯೊಂದರ ಜೊತೆ ಒಂದು ವಿವರಣೆಯನ್ನು ತೋರಿಸಿರುತ್ತಾರೆ. ಯಾವ ಪದ ಇದ್ದಾಗ ಚಿತ್ರ ಹೇಗೆ ಬದಲಾಗುತ್ತದೆ ಅನ್ನುವುದನ್ನು ಅದು ಅಲ್ಲಿಂದ ಹಿಡಿದುಕೊಂಡಿರುತ್ತದೆ. ನೀವು ಒಂದು ಪದ ಬರೆದರೆ ಯಾವ ಯಂತ್ರವೂ ಓಡುವುದಿಲ್ಲ. ಆ ಪದದ ಜೊತೆ ಕಂಡಿದ್ದ ತುಣುಕುಗಳ ಕಡೆಗೆ ಚಿತ್ರ ವಾಲುತ್ತದೆ. ಆ ವಿವರಣೆ ಬರೆದವರು ಡಾಲಿಗೂ ಜೂಮಿಗೂ ವ್ಯತ್ಯಾಸ ಮಾಡದೇ ಹೋಗಿದ್ದರೆ ಮಾಡೆಲ್ಲೂ ಮಾಡುವುದಿಲ್ಲ.

ಇದು ಊಹೆ ಅಂದುಕೊಳ್ಳಬೇಡಿ. ಟೆನ್ಸೆಂಟ್ ಕಂಪನಿ 2024ರ ಡಿಸೆಂಬರಿನಲ್ಲಿ ಹುನ್‌ಯುವಾನ್ ವಿಡಿಯೊ ಅನ್ನುವ ಮಾಡೆಲ್ ಬಿಟ್ಟಾಗ, ಅದನ್ನು ಹೇಗೆ ಕಟ್ಟಿದೆವು ಅಂತ ಒಂದು ವರದಿಯನ್ನೂ ಕೊಟ್ಟಿತು. ಕಲಿಸುವ ತುಣುಕುಗಳಲ್ಲಿ ಕ್ಯಾಮೆರಾ ಹೇಗೆ ಚಲಿಸುತ್ತದೆ ಅಂತ ಗುರುತಿಸಲು ಅವರು ಬೇರೆಯೇ ಒಂದು ಪ್ರೋಗ್ರಾಮ್ ಮಾಡಿದ್ದರು. ಅದು ಗುರುತಿಸುತ್ತಿದ್ದದ್ದು 14 ಬಗೆ. ಜೂಮ್ ಇನ್, ಜೂಮ್ ಔಟ್, ನಾಲ್ಕು ದಿಕ್ಕಿನ ಪ್ಯಾನ್, ನಾಲ್ಕು ದಿಕ್ಕಿನ ಟಿಲ್ಟ್, ಎಡಕ್ಕೆ ಬಲಕ್ಕೆ ಸುತ್ತುವುದು, ನಿಂತ ಶಾಟ್, ಹ್ಯಾಂಡ್‌ಹೆಲ್ಡ್ ಶಾಟ್. ಆ ಪಟ್ಟಿಯಲ್ಲಿ ಡಾಲಿ ಇಲ್ಲವೇ ಇಲ್ಲ. ಇನ್ನೊಂದು ತಮಾಷೆ: ಅದರಲ್ಲಿ ಮೇಲಕ್ಕೆ ಪ್ಯಾನ್, ಎಡಕ್ಕೆ ಟಿಲ್ಟ್ ಕೂಡ ಇವೆ. ನಮ್ಮ ಕೆಲಸದಲ್ಲಿ ಪ್ಯಾನ್ ಅಂದರೆ ಎಡಬಲ ತಿರುಗಿಸುವುದು, ಟಿಲ್ಟ್ ಅಂದರೆ ಮೇಲೆ ಕೆಳಗೆ. ಮೇಲಕ್ಕೆ ಪ್ಯಾನ್ ಮಾಡು ಅಂತ ಯಾವ ಕ್ಯಾಮೆರಾಮನ್ನಿಗೆ ಹೇಳಿದರೂ ನಿಮ್ಮ ಮುಖ ನೋಡಿಯಾನು. ಪದ ಒಂದೇ, ಆದರೆ ಸೆಟ್ಟಿನಲ್ಲಿ ಅದರ ಅರ್ಥ ಬೇರೆ, ಮಾಡೆಲ್ಲಿನಲ್ಲಿ ಬೇರೆ. ಒಂದು ಮಾಡೆಲ್ಲಿನಲ್ಲಿ ಸರಿ ಬಂದ ಪದ ಇನ್ನೊಂದರಲ್ಲಿ ಕೈಕೊಡುವುದೂ ಇದಕ್ಕೇ.

ಹಾಗಾದರೆ ದಾರಿ ಏನು? ಚಲನೆಯ ಹೆಸರು ಹೇಳಿ ಸುಮ್ನಾಗಬಾರದು. ಆ ಚಲನೆ ಆದಾಗ ಪರದೆಯ ಮೇಲೆ ಏನು ಕಾಣುತ್ತದೆ ಅನ್ನುವುದನ್ನೂ ಬರೆಯಬೇಕು. ಎರಡನೇ ಸಲ ನಾನು ಬರೆದದ್ದು ಹೀಗೆ:

```
The camera moves slowly forward between the stone pillars.
The nearest pillar grows quickly and slides toward the left edge of the frame.
The doorway at the far end grows only a little.
```

ಫೋಟೊ ಅದೇ, ಸೀಡ್ ಸಂಖ್ಯೆಯೂ ಅದೇ. ಈ ಸಲ ಕಂಬ 4ರಿಂದ 5.8ಕ್ಕೆ ಹೋಯಿತು, ಬಾಗಿಲು 4.6ಕ್ಕೆ ನಿಂತಿತು. ಪಕ್ಕಾ ಲೆಕ್ಕ ಅಲ್ಲ, ಆದರೆ ಇದು ಡಾಲಿಯ ಜಾತಿಗೆ ಸೇರಿದ್ದು. ಮಾಡೆಲ್ ಚಿತ್ರ ಕಟ್ಟೋಕೆ ಶುರು ಮಾಡುವುದು ಅಡ್ಡಾದಿಡ್ಡಿ ಚುಕ್ಕಿಗಳಿಂದ, ಸೀಡ್ ಅಂದರೆ ಆ ಚುಕ್ಕಿಗಳ ಗುರುತಿನ ಸಂಖ್ಯೆ. ಅದನ್ನು ಹಾಗೇ ಇಟ್ಟು ಪದ ಮಾತ್ರ ಬದಲಿಸಿದರೆ ಬಂದ ವ್ಯತ್ಯಾಸ ಪದದಿಂದಲೇ ಬಂದದ್ದು ಅಂತ ಹೇಳಬಹುದು. ಸೀಡ್ ಬದಲಾದರೆ ಏನೂ ಹೇಳೋಕಾಗಲ್ಲ, ಅದೃಷ್ಟವೂ ಇರಬಹುದು. ಒಂದೇ ಸೀಡ್ ನಂಬುವುದೂ ತಪ್ಪು. ನಾನು ಕನಿಷ್ಠ ಮೂರು ಸೀಡ್‌ಗಳಲ್ಲಿ ಎರಡೂ ಬರಹಗಳನ್ನು ಓಡಿಸಿ ನೋಡುತ್ತೇನೆ.

ನಿಜವಾದ ಡಾಲಿ ಬಂದಾಗ ಹೊಸ ತಲೆನೋವು ಶುರುವಾಗುತ್ತದೆ. ಕಂಬದ ಹಿಂದೆ ಅಡಗಿದ್ದ ಜಾಗ ಈಗ ಕಾಣಬೇಕು. ಫೋಟೊದಲ್ಲಿ ಅದು ಇಲ್ಲ. ಮಾಡೆಲ್ ಅದನ್ನು ಊಹಿಸಿ ತುಂಬುತ್ತದೆ. ನನ್ನ ತುಣುಕಿನಲ್ಲಿ ಎರಡನೇ ಕಂಬದ ಹಿಂದೆ ಇಲ್ಲದ ಇನ್ನೊಂದು ಕಂಬ ಹುಟ್ಟಿಕೊಂಡಿತು. ಲಕ್ಕುಂಡಿ ನೋಡದವರಿಗೆ ಗೊತ್ತೇ ಆಗಲ್ಲ, ನೋಡಿದವರು ಕೂಡಲೇ ಕೇಳುತ್ತಾರೆ. ಹಾಗಾಗಿ ಸ್ವಲ್ಪ ದೂರ ಮಾತ್ರ ಚಲಿಸುವ ತುಣುಕೇ ಜಾಸ್ತಿ ನಂಬಿಕೆಗೆ ಅರ್ಹ. ಐದು ಸೆಕೆಂಡಿನಲ್ಲಿ ಮಂಟಪದ ಆ ತುದಿಗೇ ಮುಟ್ಟಿಸು ಅಂದರೆ ಅರ್ಧ ಗುಡಿಯನ್ನು ಅದೇ ಕಟ್ಟುತ್ತದೆ.

ಇಲ್ಲಿ ‘ಸ್ಲೋ’ ಅನ್ನುವ ಪದದ ಬಗ್ಗೆಯೂ ಒಂದು ಮಾತು. ನಾವು ಹೇಳುವುದು ಕ್ಯಾಮೆರಾ ನಿಧಾನಕ್ಕೆ ಹೋಗಲಿ ಅಂತ. ಮಾಡೆಲ್ಲಿಗೆ ಆ ಪದ ಸ್ಲೋ ಮೋಷನ್ ತುಣುಕುಗಳ ಜೊತೆಯೂ ಪರಿಚಯ. ಚೌಕಟ್ಟಿನಲ್ಲಿ ಒಬ್ಬ ಅಜ್ಜಿ ನಡೆದು ಹೋಗುತ್ತಿದ್ದರೆ ಕ್ಯಾಮೆರಾ ಜೊತೆ ಅಜ್ಜಿಯೂ ನೀರಿನೊಳಗೆ ನಡೆದ ಹಾಗೆ ನಡೆಯುತ್ತಾಳೆ. ಸೆರಗೂ ತೇಲುತ್ತದೆ. ಬಿಡಿಸುವುದು ಸುಲಭ. ಅಜ್ಜಿಯ ನಡಿಗೆಗೆ ಒಂದು ಬೇರೆ ವಾಕ್ಯ ಕೊಡಿ, ಅದರಲ್ಲಿ ಆಕೆ ಮಾಮೂಲಿ ವೇಗದಲ್ಲಿ ನಡೆಯುತ್ತಾಳೆ ಅಂತ ಬರೆಯಿರಿ. ಕ್ಯಾಮೆರಾದ ವಾಕ್ಯ ಅದರಿಂದ ದೂರ ಇರಲಿ. ಪೂರ್ತಿ ಸರಿ ಹೋಗದಿದ್ದರೂ ಎದ್ದು ಕಾಣುವಷ್ಟು ಸುಧಾರಿಸುತ್ತದೆ.

ಆರ್ಬಿಟ್, ಅಂದರೆ ಒಂದು ವಸ್ತುವನ್ನು ನಡುವೆ ಇಟ್ಟು ಅದರ ಸುತ್ತ ಕ್ಯಾಮೆರಾ ಹೋಗುವುದು, ಇದಕ್ಕಿಂತ ಕಷ್ಟದ ಕೇಳಿಕೆ. ಮೊದಲು ಲಕ್ಕುಂಡಿಯ ಕಂಬದ ಮೇಲೇ ಮಾಡಿ ನೋಡಿದೆ. ಅಲ್ಲಿಯ ಹಲವು ಕಂಬಗಳು ಕಲ್ಯಾಣ ಚಾಲುಕ್ಯರ ಕಾಲದ ತಿರುಗಣಿ ಕೆಲಸದವು, ಬುಗುರಿಯ ಹಾಗೆ ದುಂಡಗೆ ಕಡೆದವು. ಯಾವ ಕಡೆಯಿಂದ ನೋಡಿದರೂ ಕಂಬ ಹಾಗೆಯೇ ಕಾಣುತ್ತದೆ. ಅಂದಮೇಲೆ ಕ್ಯಾಮೆರಾ ಸುತ್ತಿತೋ, ಕಂಬ ತಿರುಗಿತೋ, ಏನೂ ಆಗಲೇ ಇಲ್ಲವೋ, ಕಂಬ ನೋಡಿ ಹೇಳೋಕಾಗಲ್ಲ!

ನೋಡಬೇಕಾದದ್ದು ಹಿನ್ನೆಲೆ ಮತ್ತು ಬೆಳಕು. ಕ್ಯಾಮೆರಾ ಬಲಕ್ಕೆ ಸುತ್ತಿದರೆ ಕಂಬದ ಹಿಂದಿನ ಗೋಡೆ, ಬಾಗಿಲು ಎಲ್ಲವೂ ಕಂಬದ ಹಿಂದಿನಿಂದ ಬಲಗಡೆಗೆ ಸರಿಯಬೇಕು. ಹತ್ತಿರದ ಹಿನ್ನೆಲೆ ಸ್ವಲ್ಪ, ದೂರದ್ದು ಜಾಸ್ತಿ. ಇನ್ನು ಬಿಸಿಲು ಹೊರಗಿನಿಂದ ಬಂದು ಕಂಬದ ಎಡ ಮೈಗೆ ಬಿದ್ದಿದೆ ಅನ್ನಿ. ಸೂರ್ಯ ಇದ್ದಲ್ಲೇ ಇರುತ್ತಾನೆ. ನಾವು ಬಲಕ್ಕೆ ಸುತ್ತುತ್ತಾ ಹೋದರೆ ನೆರಳಿನ ಮೈ ನಮ್ಮ ಕಡೆಗೆ ಬರಬೇಕು, ಬಿಸಿಲಿನ ಪಟ್ಟಿ ಎಡಕ್ಕೆ ಸರಿದು ಕಿರಿದಾಗಬೇಕು. ನನ್ನ ತುಣುಕಿನಲ್ಲಿ ಹಿನ್ನೆಲೆ ಚೆನ್ನಾಗಿಯೇ ಸರಿಯಿತು. ಬಿಸಿಲಿನ ಪಟ್ಟಿ ಮಾತ್ರ ಕಂಬಕ್ಕೆ ಬಣ್ಣ ಬಳಿದ ಹಾಗೆ ಪರದೆಯ ಅದೇ ಜಾಗದಲ್ಲಿ ಅಂಟಿಕೊಂಡು ಕೂತಿತ್ತು. ಕಣ್ಣಿಗೆ ಇದು ಕೂಡಲೇ ತಿಳಿಯುವುದಿಲ್ಲ, ಆದರೆ ಏನೋ ಪ್ಲಾಸ್ಟಿಕ್ ಅನಿಸುತ್ತದೆ.

ದುಂಡಗಿನ ಕಂಬದಲ್ಲಿ ಬಚಾವಾದದ್ದು ಪೇಡೆಯ ಡಬ್ಬಿಯಲ್ಲಿ ಬಯಲಾಯಿತು. ಧಾರವಾಡದ ಒಂದು ಅಂಗಡಿಗೆ ಜಾಹೀರಾತು. ತಟ್ಟೆಯಲ್ಲಿ ಕಂದು ಪೇಡೆ, ಮೇಲೆ ಸಕ್ಕರೆ ಪುಡಿ, ಪಕ್ಕದಲ್ಲಿ ಅಂಗಡಿ ಹೆಸರಿನ ಡಬ್ಬಿ. ಮುಂದಿನಿಂದ ತೆಗೆದ ಒಂದೇ ಫೋಟೊ ಇತ್ತು. ನಾನು ಬರೆದದ್ದು ‘ಆರ್ಬಿಟ್ ಶಾಟ್’ ಅಷ್ಟೇ. ತುಣುಕು ನೋಡಿದ ಮಾಲೀಕರು ಕೇಳಿದರು: “ಯಾಕ್ರೀ ಸರ, ತಾಟೇ ಗಿರಗಿಟ್ಲಿ ಹಂಗ ತಿರಗಾಕತ್ತೈತಲ್ಲ? ಟೇಬಲ್ ನಿಂತಲ್ಲೇ ನಿಂತೈತಿ.”

ಅವರು ಹೇಳಿದ್ದು ಸರಿ. ವಸ್ತುಗಳ ಸುತ್ತು ನೋಟ ಅಂತ ಇರುವ ವಿಡಿಯೊಗಳಲ್ಲಿ ಎಷ್ಟೋ ಜಾಹೀರಾತಿನವು. ಅವುಗಳಲ್ಲಿ ಕ್ಯಾಮೆರಾ ನಿಂತೇ ಇರುತ್ತದೆ, ಸಾಮಾನನ್ನು ತಿರುಗುವ ಮಣೆಯ ಮೇಲೆ ಇಟ್ಟಿರುತ್ತಾರೆ. ತಟ್ಟೆ, ಶೂ, ವಾಚು ಅಂತ ಕಂಡರೆ ಮಾಡೆಲ್ ಆ ಕಡೆಗೆ ವಾಲುತ್ತದೆ. ಹಿನ್ನೆಲೆ ಸರಿಯಬೇಕು ಅಂತ ಬಿಡಿಸಿ ಬರೆದ ಮೇಲೆ ಟೇಬಲ್ಲೂ ಕಿಟಕಿಯೂ ಸರಿದವು. ಆಗ ಡಬ್ಬಿಯ ಪಕ್ಕದ ಮೈ ಕಾಣಿಸಿಕೊಂಡಿತು. ಫೋಟೊದಲ್ಲಿ ಇಲ್ಲದ ಮೈ. ಅಲ್ಲಿ ಮಾಡೆಲ್ ತಾನೇ ಅಕ್ಷರ ಬರೆದಿತ್ತು. ದೂರದಿಂದ ಕನ್ನಡ, ಹತ್ತಿರದಿಂದ ಯಾವ ಭಾಷೆಯೂ ಅಲ್ಲ. ಮುಂದಿನ ಮೈಯಲ್ಲಿ ಸರಿಯಾಗಿದ್ದ ಹೆಸರು ಕೂಡ ಓರೆಯಾಗುತ್ತಾ ಹೋದ ಹಾಗೆ ಒತ್ತಕ್ಷರ ಕಳೆದುಕೊಂಡಿತು.

ಐದು ಸೆಕೆಂಡಿನಲ್ಲಿ ಪೂರ್ತಿ ಸುತ್ತು ಅಂದರೆ ಸೆಕೆಂಡಿಗೆ 72 ಡಿಗ್ರಿ. ಕಣ್ಣಿಗೂ ಅದು ಜೋರು, ಮಾಡೆಲ್ಲಿಗಂತೂ ಮುಕ್ಕಾಲು ವಸ್ತುವನ್ನು ಊಹಿಸುವ ಕೆಲಸ. ಕಾಲು ಸುತ್ತಿಗಿಂತಲೂ ಕಡಿಮೆ, ಒಂದು ಚಿಕ್ಕ ಕಮಾನಿನಷ್ಟು ಕೇಳಿದರೆ ಹೆಚ್ಚಿನದೆಲ್ಲ ಫೋಟೊದಿಂದಲೇ ಬರುತ್ತದೆ. ಬರಹದಲ್ಲಿ 30 ಡಿಗ್ರಿ ಅಂತ ಸಂಖ್ಯೆ ಹಾಕಿದರೆ ಮಾಡೆಲ್ ಕೋನಮಾಪಕ ಹಿಡಿದು ಅಳೆಯುತ್ತದೆ ಅಂತ ತಿಳಿಯಬೇಡಿ. ಅದಕ್ಕೆ ಅದೂ ಒಂದು ಪದ, ‘ಸ್ವಲ್ಪ’ ಅನ್ನುವ ಅರ್ಥದ್ದು.

ನಿಜವಾಗಿ ಅಳತೆಯೇ ಬೇಕಾದರೆ ಬೇರೆ ಬಗೆಯ ಮಾಡೆಲ್‌ಗಳಿವೆ. ಅವುಗಳಿಗೆ ಪದದ ಬದಲು ಪ್ರತಿ ಫ್ರೇಮಿನಲ್ಲೂ ಕ್ಯಾಮೆರಾ ಎಲ್ಲಿದೆ, ಯಾವ ಕಡೆ ನೋಡುತ್ತಿದೆ ಅಂತ ಸಂಖ್ಯೆಗಳಲ್ಲೇ ಕೊಡಬಹುದು. 2024ರಲ್ಲಿ ಬಂದ ಕ್ಯಾಮೆರಾಕಂಟ್ರೋಲ್ ಅನ್ನುವ ಸಂಶೋಧನೆ ಈ ಬಗೆಯದು. ಅದನ್ನು ಕಲಿಸಿದ್ದು ಯೂಟ್ಯೂಬಿನಲ್ಲಿದ್ದ, ಮಾರಾಟಕ್ಕಿಟ್ಟ ಮನೆಗಳನ್ನು ತೋರಿಸುವ ವಿಡಿಯೊಗಳ ಒಂದು ಸಂಗ್ರಹದಿಂದ. ಖಾಲಿ ಮನೆಯಲ್ಲಿ ಕ್ಯಾಮೆರಾ ಮಾತ್ರ ಚಲಿಸುತ್ತದೆ, ಬೇರೆ ಏನೂ ಅಲ್ಲಾಡುವುದಿಲ್ಲ. ಕ್ಯಾಮೆರಾದ ದಾರಿ ಲೆಕ್ಕ ಹಾಕಲು ಅದು ಅನುಕೂಲ. ಆದರೆ ಇಂಥ ಪಾಠ ಕಲಿತ ಮಾಡೆಲ್ಲಿಗೆ ಗುಡಿ ಕೊಟ್ಟರೆ ಗೆಲ್ಲುತ್ತದೆ, ಜಾತ್ರೆ ಕೊಟ್ಟರೆ ಜನ ಮರಗಟ್ಟಿ ನಿಲ್ಲುವ ಅಪಾಯ ಇದೆ.

ಈಗ ಹ್ಯಾಂಡ್‌ಹೆಲ್ಡ್. ಇದರ ಗುಣ ಬೇರೆ, ಯಾಕೆಂದರೆ ಈ ಪದ ಚಲನೆಗಿಂತ ಜಾಸ್ತಿ ಏನನ್ನೋ ಹೊತ್ತು ತರುತ್ತದೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಫೋಟೊ ಒಂದಿತ್ತು. ಚೀಲಗಳು, ಸುರಿದ ರಾಶಿ, ಸುಕ್ಕುಸುಕ್ಕಾದ ಕಡುಗೆಂಪು ಕಾಯಿ, ರಾಶಿಯ ಪಕ್ಕ ಬಗ್ಗಿದ ಇಬ್ಬರು ಹಮಾಲರು. ಜೀವ ಬರಲಿ ಅಂತ ‘ಹ್ಯಾಂಡ್‌ಹೆಲ್ಡ್ ಶೇಕ್’ ಸೇರಿಸಿದೆ. ಅಲುಗಾಟ ಬಂತು. ಜೊತೆಗೆ ಕೆಂಪು ಮಂಕಾಯಿತು, ಚಿತ್ರಕ್ಕೆ ಮರಳು ಮರಳು ಕಣ ಬಂತು, ನಡುವೆ ಒಮ್ಮೆ ಬೆಳಕು ತಾನೇ ಏರಿಳಿಯಿತು, ಹಮಾಲರಲ್ಲಿ ಒಬ್ಬ ತಲೆ ಎತ್ತಿ ನೇರ ನಮ್ಮನ್ನೇ ನೋಡಿದ. ಇದ್ಯಾವುದನ್ನೂ ನಾನು ಕೇಳಿರಲಿಲ್ಲ. ಆದರೆ ಕೈಯಲ್ಲಿ ಹಿಡಿದು ತೆಗೆದ ವಿಡಿಯೊ ಅಂದರೆ ಯಾವುದು ನೆನಪಾಗುತ್ತದೆ? ಸುದ್ದಿ ಚಾನೆಲ್ಲಿನದು, ಸಾಕ್ಷ್ಯಚಿತ್ರದ್ದು, ಫೋನಿನದು. ಬೆಳಕು ಸರಿ ಇಲ್ಲದ ಜಾಗ, ಕ್ಯಾಮೆರಾ ನೋಡುವ ಜನ. ಪದ ಬರೆದರೆ ಆ ಲೋಕವೇ ಜೊತೆಗೆ ಬರುತ್ತದೆ. ಬಣ್ಣ ಉಳಿಯಬೇಕಾದರೆ ಬಣ್ಣದ ಬಗ್ಗೆ, ಬೆಳಕಿನ ಬಗ್ಗೆ ಬೇರೆಯಾಗಿ ಬರೆದು ಆ ಸೆಳೆತವನ್ನು ತಡೆಯಬೇಕು.

ಅಲುಗಾಟದಲ್ಲೂ ಒಂದು ಮೋಸ ಇತ್ತು. ಕೈ ನಡುಗಿದರೆ ಇಡೀ ಚೌಕಟ್ಟು ಒಟ್ಟಿಗೆ ನಡುಗಬೇಕು. ನನ್ನ ತುಣುಕಿನಲ್ಲಿ ಎಡ ಮೂಲೆಯ ಚೀಲ ಮೇಲೆ ಹೋದ ಫ್ರೇಮಿನಲ್ಲೇ, ಅಷ್ಟೇ ದೂರದಲ್ಲಿದ್ದ ಬಲ ಮೂಲೆಯ ಚೀಲ ಕೆಳಗೆ ಬಂದಿತ್ತು. ಕ್ಯಾಮೆರಾ ಅಲುಗಿದ್ದಲ್ಲ, ಲೋಕವೇ ಜೆಲ್ಲಿಯ ಹಾಗೆ ತುಳುಕಿದ್ದು. ಒಂದೊಂದೇ ಫ್ರೇಮ್ ಮುಂದೆ ಒತ್ತುತ್ತಾ ಇಂಥ ಎರಡು ಬಿಂದುಗಳನ್ನು ಬೆರಳಲ್ಲಿ ಹಿಂಬಾಲಿಸಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಮೆಣಸಿನಕಾಯಿಯ ಸುಕ್ಕುಗಳಂತೂ ಪ್ರತಿ ಅಲುಗಾಟಕ್ಕೂ ಜಾಗ ಬದಲಿಸಿ, ರಾಶಿಯೇ ಕುದಿಯುತ್ತಿರುವ ಹಾಗೆ ಕಾಣುತ್ತಿತ್ತು.

ಇದಕ್ಕೆ ಒಂದು ಕಾರಣ ಮಾಡೆಲ್ ವಿಡಿಯೊವನ್ನು ಒಳಗೆ ಇಟ್ಟುಕೊಳ್ಳುವ ರೀತಿ. ವಿವರ ಬಹಿರಂಗವಾಗಿರುವ ವಾನ್ 2.1 ಅನ್ನುವ ಮಾಡೆಲ್ಲನ್ನೇ ತೆಗೆದುಕೊಳ್ಳಿ. ಅದರ ಮಾಮೂಲಿ ತುಣುಕು 81 ಫ್ರೇಮ್, ಸೆಕೆಂಡಿಗೆ 16 ಫ್ರೇಮಿನಂತೆ ಸುಮಾರು ಐದು ಸೆಕೆಂಡ್. ಆದರೆ ಮಾಡೆಲ್ ಕೆಲಸ ಮಾಡುವುದು 81 ಚಿತ್ರಗಳ ಮೇಲೆ ಅಲ್ಲ. ಮೊದಲನೆಯದನ್ನು ಬಿಟ್ಟು ಉಳಿದವನ್ನು ನಾಲ್ಕು ನಾಲ್ಕು ಸೇರಿಸಿ ಒಂದೊಂದು ಗಂಟು ಕಟ್ಟುತ್ತದೆ. ಒಟ್ಟು 21 ಗಂಟು. ಒಂದೊಂದು ಗಂಟು ಕಾಲು ಸೆಕೆಂಡಿನದು. ಮನುಷ್ಯನ ಕೈಯ ಸಹಜ ನಡುಕ ಸೆಕೆಂಡಿಗೆ 8ರಿಂದ 12 ಸಲ. ಅಂದರೆ ಒಂದೇ ಗಂಟಿನೊಳಗೆ ಎರಡು ಮೂರು ನಡುಕ ಮುಗಿದಿರುತ್ತವೆ. ಅಷ್ಟು ಸಣ್ಣ ನಡುಕ ಅಲ್ಲೇ ಕಲಸಿಹೋಗುತ್ತದೆ. ಅಲ್ಲದೆ ಸೆಕೆಂಡಿಗೆ 16 ಫ್ರೇಮ್ ಇದ್ದರೆ 8ಕ್ಕಿಂತ ಬೇಗನೆಯ ನಡುಕವನ್ನು ತೋರಿಸೋಕೂ ಆಗುವುದಿಲ್ಲ. ನಡೆಯುವಾಗ ಹೆಜ್ಜೆ ಹೆಜ್ಜೆಗೂ ಬರುವ ತೂಗಾಟ ಮಾತ್ರ ಉಳಿಯುತ್ತದೆ, ಅದು ಸೆಕೆಂಡಿಗೆ ಸುಮಾರು ಎರಡು ಸಲ. ಅದಕ್ಕೇ ಎಐ ಹ್ಯಾಂಡ್‌ಹೆಲ್ಡ್ ಅಂದರೆ ನಡುಕಕ್ಕಿಂತ ದೋಣಿಯ ತೂಗಾಟದ ಹಾಗೆ ಕಾಣುವುದು.

ಹಾಗಾಗಿ ಈಗ ನಾನು ಅಲುಗಾಟವನ್ನು ಮಾಡೆಲ್ಲಿನಿಂದ ಕೇಳುವುದನ್ನೇ ಬಿಟ್ಟಿದ್ದೇನೆ. ಟ್ರೈಪಾಡ್ ಮೇಲೆ ಇಟ್ಟ ನಿಂತ ಶಾಟ್ ಅಂತ ಬರೆಯುತ್ತೇನೆ. ‘ಅಲುಗಾಟ ಬೇಡ’ ಅಂತ ಬರೆಯುವುದಿಲ್ಲ. ‘ಬೇಡ’ ಅನ್ನುವುದು ಅದಕ್ಕೆ ಸರಿಯಾಗಿ ತಲುಪದೆ ಅಲುಗಾಟ ಅನ್ನುವ ಪದವೇ ಕೆಲಸ ಮಾಡಿಬಿಡುತ್ತದೆ. ಬೇಡದ್ದನ್ನು ಬರೆಯಲು ನೆಗೆಟಿವ್ ಪ್ರಾಂಪ್ಟ್ ಅಂತ ಬೇರೆ ಪೆಟ್ಟಿಗೆ ಇದ್ದರೆ ಅಲ್ಲಿ ಹಾಕಬಹುದು. ಕ್ಯಾಮೆರಾ ನಿಂತಿತು ಅಂದರೆ ಮಾಡೆಲ್ ಚಲನೆಯನ್ನು ಬೇರೆ ಕಡೆ ಹುಡುಕುತ್ತದೆ, ಸುಮ್ನೆ ನಿಂತ ಜನರನ್ನೂ ಕೈ ಆಡಿಸುವ ಹಾಗೆ ಮಾಡುತ್ತದೆ. ಅದಕ್ಕೆ ಅವರಿಗೊಂದು ಕೆಲಸ ಹಚ್ಚಬೇಕು. ಹಮಾಲರು ಚೀಲದ ಬಾಯಿ ಹೊಲಿಯುತ್ತಿದ್ದಾರೆ ಅಂತ ಬರೆದೆ, ಅದನ್ನೇ ಮಾಡಿದರು.

ನಡುಕವನ್ನು ಆಮೇಲೆ ಎಡಿಟಿಂಗಿನಲ್ಲಿ ಸೇರಿಸಿದೆ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಪೊಸಿಷನ್ ಮೇಲೆ ಒಂದು ಸಾಲು:

```
wiggle(2, 8)
```

ಸೆಕೆಂಡಿಗೆ ಎರಡು ಸಲ, 8 ಪಿಕ್ಸೆಲ್‌ನಷ್ಟು. ಅಂಚಿನಲ್ಲಿ ಕಪ್ಪು ಇಣುಕದಿರಲಿ ಅಂತ ಚಿತ್ರವನ್ನು 103 ಪರ್ಸೆಂಟಿಗೆ ಹಿಗ್ಗಿಸಿದೆ. ಇದು ಚಪ್ಪಟೆ ಅಲುಗಾಟ, ಹತ್ತಿರದ್ದಕ್ಕೂ ದೂರದ್ದಕ್ಕೂ ಒಂದೇ. ನಿಂತಲ್ಲೇ ನಿಂತು ತೆಗೆದ ಹಾಗೆ ಕಾಣಬೇಕಾದರೆ ಸಾಕು, ನಡೆಯುತ್ತಾ ತೆಗೆದ ಹಾಗೆ ಬೇಕಾದರೆ ಸಾಲದು. ಆದರೆ ಮೆಣಸಿನಕಾಯಿ ಕುದಿಯಲಿಲ್ಲ, ಕೆಂಪು ಕೆಂಪಾಗಿಯೇ ಇತ್ತು.

ಪೇಡೆಯ ಡಬ್ಬಿಗೆ ಮಾತ್ರ ಯಾವ ಪದವೂ ಉಪಯೋಗಕ್ಕೆ ಬರಲಿಲ್ಲ. ಅಂಗಡಿ ಹೆಸರಿನ ಒಂದು ಒತ್ತಕ್ಷರವೂ ತಪ್ಪಬಾರದು ಅಂದರು. ಮರುದಿನ ಬೆಳಿಗ್ಗೆ ಧಾರವಾಡಕ್ಕೆ ಹೋಗಿ ಡಬ್ಬಿಯನ್ನು ಕೌಂಟರ್ ಮೇಲೆ ಇಟ್ಟು, ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್ ಹಿಡಿದು ನಾನೇ ಅರ್ಧ ಸುತ್ತು ಸುತ್ತಿದೆ. ಹನ್ನೊಂದು ಸೆಕೆಂಡಿನ ಶಾಟ್, ನಾಲ್ಕನೇ ಟೇಕಿಗೆ ಓಕೆ ಆಯಿತು.